ಬೀಜದ ಹೋರಿ ಯಾರ ಮಗ?



ನಮ್ಮ ಜಿಲ್ಲೆಯನ್ನು ಪೂರ್ವದಿಂದ ಪಶ್ಚಿಮಕ್ಕೆ ದಾಟಿದರೆ ದನವೂ ಬದಲಾಗುತ್ತದೆ. ಚನ್ನರಾಯಪಟ್ಟಣ, ಅರಸೀಕೆರೆ ಕಡೆ ಹಳ್ಳಿಕಾರ್. ಆಲೂರು ದಾಟಿ ಹೇಮಾವತಿ ಸೀಮೆಗೆ ಬಂದರೆ, ಅದರಲ್ಲೂ ಹೆತ್ತೂರು, ಯಸಳೂರು, ಹಾನುಬಾಳು ಹೋಬಳಿಗಳ ಗುಡ್ಡಗಳಲ್ಲಿ, ಮೂರಡಿ ಎತ್ತರದ ಮಲೆನಾಡು ಗಿಡ್ಡ. ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪಶು ತಳಿ ಸಂಪನ್ಮೂಲ ಬ್ಯೂರೋ ಇದನ್ನು ಒಂದು ತಳಿಯೆಂದು ನೋಂದಾಯಿಸಿದ್ದು 2012ರಲ್ಲಿ. ಅಲ್ಲಿಯವರೆಗೆ ಸರ್ಕಾರಿ ಕಾಗದದಲ್ಲಿ ಅದು ‘ತಳಿಯಿಲ್ಲದ ದನ’. ಈ ಎರಡರ ಜೊತೆಗೆ ಈಗ ಎಲ್ಲ ಕೊಟ್ಟಿಗೆಗಳಲ್ಲೂ ಸೀಮೆ ಹಸು ಇದೆ, ಅಂದರೆ ಜರ್ಸಿ ಅಥವಾ ಎಚ್‌ಎಫ್ ಬೆರೆತದ್ದು.

ಇಂಥ ಸಭೆಗಳಲ್ಲಿ ಸಾಮಾನ್ಯವಾಗಿ ಎದ್ದು ಬರುವ ಚರ್ಚೆ ನಾಟಿಯೋ ಸೀಮೆಯೋ ಎಂಬುದು. ಅದನ್ನು ನಾನು ಇವತ್ತು ಎತ್ತುವುದಿಲ್ಲ. ಎರಡೂ ಪಂಗಡದವರು ಕೇಳದೆ ಬಿಟ್ಟಿರುವ ಪ್ರಶ್ನೆ ಬೇರೆ ಇದೆ: ಈ ಕರುವಿನ ಅಪ್ಪ ಯಾರು? ತಾಯಿ ಯಾರೆಂದು ಎಲ್ಲರಿಗೂ ಗೊತ್ತು, ಅಜ್ಜಿಯನ್ನೂ ಹೇಳುತ್ತಾರೆ. ಅಪ್ಪನ ವಿಷಯಕ್ಕೆ ಬಂದರೆ “ಗುಡ್ಡದಲ್ಲಿ ಆಗಿದ್ದು ಸಾರ್” ಅಥವಾ “ಡಾಕ್ಟ್ರು ಇಂಜೆಕ್ಷನ್ ಕೊಟ್ಟಿದ್ದು” ಎಂಬಲ್ಲಿಗೆ ಮಾತು ಮುಗಿಯುತ್ತದೆ. ತಳಿ ಸುಧಾರಣೆಯ ಲೆಕ್ಕವೆಲ್ಲ ಆ ಅಪ್ಪನಿಂದ ಶುರುವಾಗುತ್ತದೆ. ಲೆಕ್ಕ ಕಷ್ಟದ್ದಲ್ಲ, ಅರ್ಧವನ್ನು ಅರ್ಧದಿಂದ ಗುಣಿಸಲು ಬಂದರೆ ಸಾಕು.

ಒಂದು ಕಲ್ಪಿತ ಕೊಟ್ಟಿಗೆಯನ್ನು ತೆಗೆದುಕೊಳ್ಳೋಣ, ಹೆತ್ತೂರಿನ ಆಸುಪಾಸಿನದು ಎಂದಿಟ್ಟುಕೊಳ್ಳಿ. ಊರಿಗೆ ಒಂದೇ ಗಿಡ್ಡ ಹೋರಿ, ಹೆಸರು ಬಸವ. ಬೆಳಿಗ್ಗೆ ಹಾಲು ಕರೆದು ದನ ಬಿಟ್ಟರೆ ಸಂಜೆಯವರೆಗೆ ಎಲ್ಲವೂ ಒಟ್ಟಿಗೇ ಮೇಯುತ್ತವೆ. ಬಸವನಿಗೆ ಮೂರು ವರ್ಷವಾದಾಗ ಕೆಂಪಿ ಅವನಿಂದ ಗಬ್ಬವಾಗಿ ಗಂಗೆಯನ್ನು ಈಯುತ್ತದೆ. ಗಂಗೆ ಮೂರು ವರ್ಷಕ್ಕೆ ಬೆದೆಗೆ ಬಂದಾಗ ಗುಡ್ಡದಲ್ಲಿ ಇರುವವನು ಅದೇ ಬಸವ, ಈಗ ಏಳು ವರ್ಷದವನು. ಹುಟ್ಟುವುದು ಲಕ್ಷ್ಮಿ. ಬಸವ ಲಕ್ಷ್ಮಿಗೆ ಅಪ್ಪನೂ ಹೌದು, ತಾಯಿಯ ಅಪ್ಪನೂ ಹೌದು.

ಹೀಗೆ ಹತ್ತಿರದ ರಕ್ತಸಂಬಂಧಿಗಳು ಕೂಡಿ ಕರು ಹುಟ್ಟುವುದನ್ನು ಒಳತಳಿ ಸಂಕರ ಎನ್ನುತ್ತಾರೆ. ಅದು ಎಷ್ಟು ಹತ್ತಿರದ್ದು ಎಂದು ಹೇಳುವ ಅಂಕಿಯೇ ಒಳತಳಿ ಗುಣಾಂಕ. 1922ರಲ್ಲಿ ಅಮೆರಿಕದ ಸೆವಾಲ್ ರೈಟ್ ಇದಕ್ಕೊಂದು ಸೂತ್ರ ಕೊಟ್ಟರು. ಅವರು ಆಗ ಅಲ್ಲಿನ ಕೃಷಿ ಇಲಾಖೆಯಲ್ಲಿ ಗಿನಿಯಿಲಿಗಳ ವಂಶಾವಳಿ ನೋಡಿಕೊಂಡಿದ್ದವರು. ನಮ್ಮ ಬಳಕೆಗೆ ಆ ಸೂತ್ರವನ್ನು ಹೀಗೆ ಇಟ್ಟುಕೊಳ್ಳಬಹುದು:

F = (1/2)^n

ಇಲ್ಲಿ n ಎಂದರೆ ಕರುವಿನ ಅಪ್ಪನಿಂದ ಹೊರಟು, ಇಬ್ಬರಿಗೂ ಸಮಾನನಾದ ಪೂರ್ವಜನನ್ನು ಮುಟ್ಟಿ, ತಾಯಿಯವರೆಗೆ ಇಳಿದು ಬರುವ ದಾರಿಯಲ್ಲಿ ಸಿಗುವ ದನಗಳ ಸಂಖ್ಯೆ. ಕರುವನ್ನು ಎಣಿಸಬಾರದು. ದಾರಿ ಒಂದಕ್ಕಿಂತ ಹೆಚ್ಚಿದ್ದರೆ ಪ್ರತಿಯೊಂದರ ಲೆಕ್ಕ ಮಾಡಿ ಕೂಡಬೇಕು.

ಲಕ್ಷ್ಮಿಗೆ ಇದನ್ನು ಹಚ್ಚಿ ನೋಡಿ. ಅಪ್ಪ ಬಸವ, ತಾಯಿ ಗಂಗೆ. ಸಮಾನ ಪೂರ್ವಜನೂ ಬಸವನೇ. ದಾರಿ: ಬಸವ, ಗಂಗೆ. ಎರಡು ದನ. ಅರ್ಧದ ಅರ್ಧ, ಅಂದರೆ 1/4. ಲಕ್ಷ್ಮಿಯ ಗುಣಾಂಕ 25 ಶೇಕಡಾ. ಗುಡ್ಡಕ್ಕೆ ಬಿಟ್ಟ ಹಿಂಡಿನಲ್ಲಿ ಮಗ ಹೋರಿ ತಾಯಿಯನ್ನು ಏರಿದರೂ ಇಷ್ಟೇ ಬರುತ್ತದೆ.

ಮೂರು ವರ್ಷ ಕಳೆದು ಲಕ್ಷ್ಮಿ ಬೆದೆಗೆ ಬಂತು. ಬಸವನಿಗೆ ಈಗ ಹನ್ನೊಂದು. ಆ ವಯಸ್ಸಿನ ಹೋರಿ ಮಂದೆಯ ಯಜಮಾನಿಕೆ ಉಳಿಸಿಕೊಂಡಿರುವುದು ಅಪರೂಪ, ಆದರೆ ಪೈಪೋಟಿಗೆ ಬೇರೆ ಹೋರಿ ಇಲ್ಲದ ಊರಿನಲ್ಲಿ ಉಂಟು. ಬಸವನೇ ಲಕ್ಷ್ಮಿಯನ್ನೂ ಏರಿದರೆ ಆ ಕರುವಿಗೆ ಎರಡು ದಾರಿ. ಬಸವ, ಲಕ್ಷ್ಮಿ: 1/4. ಬಸವ, ಗಂಗೆ, ಲಕ್ಷ್ಮಿ: 1/8. ಕೂಡಿದರೆ 3/8, ಅಂದರೆ 37.5 ಶೇಕಡಾ.

ಇಲ್ಲಿ ಊರಿನ ಹಿರಿಯರು ಎಚ್ಚೆತ್ತುಕೊಂಡರು ಎನ್ನಿ. ಬಸವನನ್ನು ಮಾರಿ, ಚಂದ್ರಿ ಎಂಬ ಬೇರೆ ಮನೆಯ ಹಸುವಿಗೆ ಹುಟ್ಟಿದ ಕರಿಯನನ್ನು ಬೀಜಕ್ಕೆ ಉಳಿಸಿಕೊಂಡರು. ಹೊಸ ಹೋರಿ ಬಂತೆಂದು ಎಲ್ಲರಿಗೂ ಸಮಾಧಾನ. ಆದರೆ ಚಂದ್ರಿ ಗಬ್ಬವಾದದ್ದೂ ಬಸವನಿಂದಲೇ. ಕರಿಯ ಲಕ್ಷ್ಮಿಯನ್ನು ಏರಿದರೆ ದಾರಿಗಳು ಹೀಗೆ: ಕರಿಯ, ಬಸವ, ಲಕ್ಷ್ಮಿ: 1/8. ಕರಿಯ, ಬಸವ, ಗಂಗೆ, ಲಕ್ಷ್ಮಿ: 1/16. ಒಟ್ಟು 3/16, ಅಂದರೆ 18.75 ಶೇಕಡಾ. ಹೋರಿ ಬದಲಾಯಿತು, ಗುಣಾಂಕ ಅರ್ಧಕ್ಕಿಳಿಯಿತು ಅಷ್ಟೇ. ನಮ್ಮ ಊರುಗಳಲ್ಲಿ ಹೋರಿ ಬದಲಾಯಿಸುವುದು ಎಂದರೆ ಹೆಚ್ಚಾಗಿ ಇದೇ. ಅದರ ಬದಲು ಆಲೂರಿನ ಪಾಳ್ಯದ ಕಡೆಯಿಂದ ಸಂಬಂಧವೇ ಇಲ್ಲದ ಹೋರಿ ಬಂದಿದ್ದರೆ, ಲಕ್ಷ್ಮಿ ಎಷ್ಟೇ ಒಳತಳಿಯಾಗಿರಲಿ, ಕರುವಿನ ಗುಣಾಂಕ ಒಂದೇ ಏಟಿಗೆ ಸೊನ್ನೆ.

ಈ 25 ಶೇಕಡಾ ಎಂದರೆ ಏನು? ಪ್ರತಿ ವಂಶವಾಹಿಯೂ ಕರುವಿನಲ್ಲಿ ಎರಡು ಪ್ರತಿ ಇರುತ್ತದೆ, ಅಪ್ಪನದೊಂದು, ತಾಯಿಯದೊಂದು. ಆ ಎರಡೂ ಪ್ರತಿಗಳು ಒಬ್ಬನೇ ಪೂರ್ವಜನ ಒಂದೇ ಪ್ರತಿಯಿಂದ ಇಳಿದು ಬಂದವಾಗಿರುವ ಸಂಭವ ನಾಲ್ಕರಲ್ಲಿ ಒಂದು ಎಂದು ಅರ್ಥ. ಪ್ರತಿ ಒಳ್ಳೆಯದಾಗಿದ್ದರೆ ಒಳ್ಳೆಯದೇ ಜೋಡಿಯಾಯಿತು, ಕೆಟ್ಟದ್ದಾಗಿದ್ದರೆ ಕೆಟ್ಟದ್ದು. ಕೆಟ್ಟ ಪ್ರತಿಗಳಲ್ಲಿ ಬಹುಪಾಲು ಒಂಟಿಯಾಗಿದ್ದಾಗ ಏನೂ ಮಾಡದೆ ಅಡಗಿ ಕೂರುತ್ತವೆ. ಬಸವನಲ್ಲಿ ಅಂಥದೊಂದು ಅಡಗಿದೆ, ಕೆಂಪಿಯಲ್ಲಿ ಇಲ್ಲ ಎಂದುಕೊಳ್ಳಿ. ಅದು ಗಂಗೆಗೆ ಬಂದಿರುವ ಸಂಭವ ಅರ್ಧ. ಬಂದಿದ್ದರೆ, ಬಸವನೊಡನೆ ಕೂಡಿದಾಗ ಕರುವಿಗೆ ಎರಡೂ ಪ್ರತಿ ಕೆಟ್ಟದ್ದೇ ಸಿಗುವ ಸಂಭವ ಕಾಲು. ಅರ್ಧದ ಕಾಲು ಎಂಟರಲ್ಲೊಂದು. ಅಪ್ಪ ಮಗಳ ಕೂಡಿಕೆಯಲ್ಲಿ ಎಂಟು ಕರುಗಳಿಗೆ ಒಂದು ಹಾಗೆ ಹುಟ್ಟಬಹುದು. ಉಳಿದ ಏಳನ್ನು ನೋಡಿದವರು “ನಮ್ಮ ಬಸವಂಗೇನ್ ಕಮ್ಮಿ ಆಗಿದೆ?” ಎಂದು ಕೇಳುವುದು ಸಹಜ.

ಒಳತಳಿಯೆಂದರೆ ಎರಡು ತಲೆಯ ಕರು ಎಂಬ ಕಲ್ಪನೆ ಜನರಲ್ಲಿದೆ. ನಿಜವಾಗಿ ಆಗುವುದು ಸದ್ದಿಲ್ಲದ ನಷ್ಟ. ಬೆದೆ ತಿರುಗಿ ತಿರುಗಿ ಬರುತ್ತದೆ. ಗಬ್ಬ ನಿಂತಂತೆ ಕಂಡು ಒಂದೆರಡು ತಿಂಗಳಲ್ಲಿ ಕರಗುತ್ತದೆ. ಕರು ಹುಟ್ಟುವಾಗಲೇ ಸಣ್ಣದು, ಮೊದಲ ಮಳೆಗಾಲದಲ್ಲಿ ಭೇದಿಗೋ ಕೆಮ್ಮಿಗೋ ಹೋಗುತ್ತದೆ. ಕಡಸು ಮೊದಲ ಸೂಲಿಗೆ ತಡಮಾಡುತ್ತದೆ. ಇವೆಲ್ಲವೂ ಮೇವಿನ ಕೊರತೆಯಿಂದ, ಜಂತುಹುಳದಿಂದ, ಲವಣದ ಕೊರತೆಯಿಂದಲೂ ಆಗುತ್ತವೆ. ಹಾಗಾಗಿ ಒಂದೇ ಕರುವನ್ನು ನೋಡಿ ಇದು ಒಳತಳಿಯ ದೋಷ ಎಂದು ಯಾವ ಡಾಕ್ಟರೂ ಹೇಳಲಾರರು. ಪತ್ತೆಗೆ ದಾರಿ ಒಂದೇ: ಒಂದೇ ಊರು, ಒಂದೇ ಮಳೆಗಾಲ, ಒಂದೇ ಮೇವಿನಲ್ಲಿ ಬೆಳೆದ ಕರುಗಳನ್ನು ಎರಡು ಪಾಲು ಮಾಡುವುದು. ಹಳೇ ಹೋರಿಯ ಮಗಳಿಗೆ ಹಳೇ ಹೋರಿಯಿಂದಲೇ ಹುಟ್ಟಿದವು ಒಂದು ಕಡೆ, ಹೊರಗಿನ ಹೋರಿಗೆ ಹುಟ್ಟಿದವು ಇನ್ನೊಂದು ಕಡೆ. ಮೇವಿನ ತೊಂದರೆಯಾದರೆ ಎರಡೂ ಸೊರಗುತ್ತವೆ. ಮೊದಲಿನ ಪಾಲೇ ಮತ್ತೆ ಮತ್ತೆ ಸೊರಗಿದರೆ ಮೇವನ್ನು ದೂರಬೇಡಿ.

ಇಲ್ಲಿ ಓದಿಕೊಂಡವರು ಒಂದು ಆಕ್ಷೇಪ ಎತ್ತುತ್ತಾರೆ, ಅದು ನ್ಯಾಯವಾದದ್ದೇ. ಜಗತ್ತಿನ ದೊಡ್ಡ ತಳಿಗಳನ್ನು ಕಟ್ಟಿದ್ದೇ ಒಳತಳಿಯಿಂದ ಅಲ್ಲವೇ? ಹೌದು. ಇಂಗ್ಲೆಂಡಿನ ಶಾರ್ಟ್‌ಹಾರ್ನ್ ತಳಿಯನ್ನು ಕಟ್ಟಿದವರಲ್ಲಿ ಒಬ್ಬನಾದ ಚಾರ್ಲ್ಸ್ ಕಾಲಿಂಗ್ ಎಂಬಾತನ ಬಳಿ ಫೇವರಿಟ್ ಎಂಬ ಹೋರಿ ಇತ್ತು. ಅದನ್ನು ಅದರ ಹೆತ್ತ ತಾಯಿಗೇ ಕೂಡಿಸಿ ಒಂದು ಕಡಸು ಪಡೆದ. ಆ ಕಡಸಿಗೆ ಮತ್ತೆ ಫೇವರಿಟನ್ನೇ ಬಿಟ್ಟಾಗ 1804ರಲ್ಲಿ ಕಾಮೆಟ್ ಹುಟ್ಟಿತು. 1810ರಲ್ಲಿ ಅದು ಸಾವಿರ ಗಿನಿಗೆ ಹರಾಜಾಯಿತು, ಆ ಕಾಲಕ್ಕೆ ಯಾರೂ ಕೇಳರಿಯದ ಬೆಲೆ. ದಾರಿಗಳನ್ನು ಎಣಿಸಿದರೆ, ನಮ್ಮ ಬಸವ ಲಕ್ಷ್ಮಿಯರ ಕರುವಿನ ಹಾಗೆಯೇ 3/8 ಬರುತ್ತದೆ. ಫೇವರಿಟ್‌ನ ಅಪ್ಪ ಅಮ್ಮಂದಿರೂ ತಮ್ಮೊಳಗೆ ಸಂಬಂಧಿಗಳೇ ಆಗಿದ್ದುದರಿಂದ ಅದನ್ನೂ ಸೇರಿಸಿದರೆ ಕಾಮೆಟ್‌ನ ಗುಣಾಂಕ 47 ಶೇಕಡಾ ಮುಟ್ಟುತ್ತದೆ. ಕಾಲಿಂಗ್‌ಗೆ ದೊಡ್ಡ ಮಂದೆ ಇತ್ತು. ಹತ್ತು ಕರು ಕೆಟ್ಟರೆ ಹತ್ತನ್ನೂ ಕಸಾಯಿಗೆ ಅಟ್ಟಿ, ಉಳಿದ ಒಂದನ್ನು ಸಾವಿರ ಗಿನಿಗೆ ಮಾರಬಲ್ಲವನಾಗಿದ್ದ. ಕೊಟ್ಟಿಗೆಯಲ್ಲಿ ಮೂರು ಹಸು ಕಟ್ಟಿದವನಿಗೆ ಆ ಆಟ ಆಡಲು ದನವಿಲ್ಲ, ಕೆಟ್ಟ ಕರುವನ್ನು ಹೊರದಬ್ಬುವ ಮನಸ್ಸೂ ಇಲ್ಲ. ಆಯ್ಕೆಯಿಲ್ಲದ ಒಳತಳಿಯಲ್ಲಿ ಲಾಭದ ಬಾಗಿಲು ಮುಚ್ಚಿರುತ್ತದೆ, ನಷ್ಟದ್ದು ತೆರೆದಿರುತ್ತದೆ.

ಇದು ಗುಡ್ಡದ ದನದ ಕಥೆ ಮಾತ್ರವೂ ಅಲ್ಲ. ಅಮೆರಿಕದ ಹೋಲ್‌ಸ್ಟೀನ್‌ಗಳಲ್ಲಿ 1962ರಲ್ಲಿ ಹುಟ್ಟಿದ ಪಾನೀ ಫಾರ್ಮ್ ಆರ್ಲಿಂಡಾ ಚೀಫ್ ಎಂಬ ಹೋರಿಯ ಹೆಣ್ಣು ಮಕ್ಕಳೇ ಹದಿನಾರು ಸಾವಿರ. ಮೊಮ್ಮಕ್ಕಳು ಐದು ಲಕ್ಷ. ಹಾಲು ವಿಪರೀತ ಹೆಚ್ಚಿತು, ಆದ್ದರಿಂದಲೇ ಎಲ್ಲರೂ ಅವನ ವೀರ್ಯವನ್ನೇ ಕೇಳಿದರು. ಅವನಲ್ಲಿ ಒಂದು ಕೆಟ್ಟ ಪ್ರತಿ ಅಡಗಿತ್ತು, ಜೋಡಿಯಾದರೆ ಭ್ರೂಣ ಗರ್ಭದಲ್ಲೇ ಸಾಯುವಂಥದು. ಅದರ ಸುಳಿವು ಸಿಕ್ಕಿದ್ದು 2011ರಲ್ಲಿ, ಅಂದರೆ ಅವನು ಹುಟ್ಟಿ ಸುಮಾರು ಅರ್ಧ ಶತಮಾನ ಕಳೆದ ಮೇಲೆ. ಅಷ್ಟರೊಳಗೆ ಜಗತ್ತಿನಾದ್ಯಂತ ಐದು ಲಕ್ಷಕ್ಕೂ ಮಿಕ್ಕಿದ ಗರ್ಭಪಾತಗಳು ಇದರಿಂದ ಆಗಿದ್ದವೆಂದು ಅಂದಾಜು. ಆ ಹೋರಿ ತಂದ ಹಾಲಿನ ಲಾಭ ಈ ನಷ್ಟಕ್ಕಿಂತ ಎಷ್ಟೋ ಪಾಲು ದೊಡ್ಡದು ಎಂಬುದನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಒಳ್ಳೆಯ ಹೋರಿಯನ್ನು ಆರಿಸಿದ್ದರಲ್ಲಿ ತಪ್ಪಿರಲಿಲ್ಲ. ಎಲ್ಲರೂ ಒಂದೇ ಹೋರಿಯನ್ನು ಆರಿಸಿದರು, ಅಷ್ಟೇ.

ಈಗ ಒಂದು ಕೊಟ್ಟಿಗೆಯಿಂದ ಊರಿನ ಲೆಕ್ಕಕ್ಕೆ ಬರೋಣ. ಊರಲ್ಲಿ 60 ಗಿಡ್ಡ ಹಸುಗಳಿವೆ, ಬೀಜದ ಹೋರಿ ಒಂದು. ನೋಡಲು 61 ದನ. ಆದರೆ ಮುಂದಿನ ಪೀಳಿಗೆಯ ವಂಶವಾಹಿಗಳಲ್ಲಿ ಅರ್ಧ ಆ ಒಬ್ಬನಿಂದಲೇ ಬರಬೇಕು. ಆದ್ದರಿಂದ ತಳಿಶಾಸ್ತ್ರಜ್ಞರು ತಲೆ ಎಣಿಸುವುದಿಲ್ಲ, ‘ಪರಿಣಾಮಕಾರಿ ಸಂಖ್ಯೆ’ ಎಂಬುದನ್ನು ಹಿಡಿಯುತ್ತಾರೆ:

Ne = (4 × Nm × Nf) / (Nm + Nf)

Nm ಹೋರಿಗಳು, Nf ಹಸುಗಳು. 4 × 1 × 60 ಅಂದರೆ 240, ಅದನ್ನು 61ರಿಂದ ಭಾಗಿಸಿದರೆ ನಾಲ್ಕಕ್ಕೂ ಕಡಿಮೆ. ವಂಶದ ಲೆಕ್ಕದಲ್ಲಿ ಆ ಊರಿನಲ್ಲಿರುವುದು ನಾಲ್ಕೇ ದನ. ಪ್ರತಿ ಪೀಳಿಗೆಗೂ ಗುಣಾಂಕ ಏರುವ ಪ್ರಮಾಣ 1/(2 × Ne), ಇಲ್ಲಿ ಸುಮಾರು 12.7 ಶೇಕಡಾ. ಹಸುಗಳನ್ನು 120 ಮಾಡಿ, ಹೋರಿ ಒಂದೇ ಇರಲಿ: 12.6. ಏನೂ ಬದಲಾಗಲಿಲ್ಲ. ಹಸು 60 ಇರಲಿ, ಸಂಬಂಧವಿಲ್ಲದ ಹೋರಿಗಳನ್ನು ನಾಲ್ಕು ಮಾಡಿ: Ne 15, ಏರಿಕೆ 3.3 ಶೇಕಡಾ. ಅಂಥ ನಾಲ್ಕು ಊರುಗಳನ್ನು ಸೇರಿಸಿ, 240 ಹಸು, 16 ಹೋರಿ: Ne 60, ಏರಿಕೆ 0.8 ಶೇಕಡಾ. ತಳಿ ಉಳಿಯಬೇಕಾದರೆ Ne 50ಕ್ಕೆ ಕಡಿಮೆಯಾಗಬಾರದು, ಅಂದರೆ ಏರಿಕೆ ಪೀಳಿಗೆಗೆ ಒಂದು ಶೇಕಡಾ ಮೀರಬಾರದು ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹೇಳುವುದು. ಒಂದು ಊರಿಗೆ ಸಾಧ್ಯವಿಲ್ಲದ್ದು ನಾಲ್ಕು ಊರಿಗೆ ಸಾಧ್ಯ.

ಹಿಂದೆ ಇದು ತಾನಾಗಿಯೇ ಆಗುತ್ತಿತ್ತು. ಗೋಮಾಳ ದೊಡ್ಡದಿತ್ತು, ಎರಡು ಮೂರು ಊರಿನ ಮಂದೆಗಳು ಒಂದೇ ಬಾಣೆಯಲ್ಲಿ ಕೂಡುತ್ತಿದ್ದವು. ಗೋಮಾಳ ಕಾಫಿಯಾಯಿತು, ಬೇಲಿ ಬಂತು, ಕಾಡಂಚಿಗೆ ಹೋದರೆ ಆನೆ. ಒಂದೊಂದು ಊರಿನ ಮಂದೆಯೂ ತನ್ನಷ್ಟಕ್ಕೆ ದ್ವೀಪ. ಈಗ ಕೈಯಾರೆ ಮಾಡಬೇಕಾದದ್ದು ಹೋರಿಯನ್ನು ಸುತ್ತಿಸುವುದು. ಹೆತ್ತೂರಿನ ಹೋರಿ ಯಸಳೂರಿಗೆ, ಅಲ್ಲಿಯದು ಹಾನುಬಾಳಿಗೆ, ಅಲ್ಲಿಯದು ಕೆಂಚಮ್ಮನ ಹೊಸಕೋಟೆಗೆ, ಅಲ್ಲಿಯದು ಹೆತ್ತೂರಿಗೆ. ಯಾವಾಗಲೂ ಒಂದೇ ದಿಕ್ಕಿಗೆ. ಎಷ್ಟು ದಿನಕ್ಕೊಮ್ಮೆ ಎಂಬುದನ್ನು ಕಡಸುಗಳೇ ಹೇಳುತ್ತವೆ: ಹೋರಿಯ ಮೊದಲ ಮಗಳು ಬೆದೆಗೆ ಬರುವ ಮುಂಚೆ ಅದು ಊರು ಬಿಡಬೇಕು. ಗಿಡ್ಡದಲ್ಲಿ ಹೋರಿ ಬಂದ ದಿನದಿಂದ ಮೂರು ವರ್ಷದ ಗಡುವು ಇಟ್ಟುಕೊಂಡರೆ ಕ್ಷೇಮ. ನಾಲ್ಕು ಊರು ಸುತ್ತುವಷ್ಟರಲ್ಲಿ ಹನ್ನೆರಡು ವರ್ಷ, ಅಷ್ಟರಲ್ಲಿ ಹೋರಿಯ ಕೆಲಸದ ಆಯಸ್ಸೇ ಮುಗಿದಿರುತ್ತದೆ. ಊರಲ್ಲೇ ಹುಟ್ಟಿದ ಗಂಡುಕರುಗಳಿಗೆ ಎರಡು ವರ್ಷದೊಳಗೆ ಬೀಜ ಒಡೆಸದಿದ್ದರೆ ಮಾತ್ರ ಈ ಸುತ್ತಾಟವೆಲ್ಲ ವ್ಯರ್ಥ. ಗುಡ್ಡದಲ್ಲಿ ಮೊದಲು ಏರುವುದು ದೂರದಿಂದ ತಂದ ಹೋರಿಯಲ್ಲ, ಹತ್ತಿರದಲ್ಲಿ ನಿಂತ ತಮ್ಮ.

ಇನ್ನು ಸೀಮೆ ಹಸುವಿನ ವಿಷಯ. ಎರಡು ದೂರದ ತಳಿಗಳನ್ನು ಕೂಡಿಸಿದಾಗ ಒಳತಳಿಗೆ ನೇರ ವಿರುದ್ಧವಾದದ್ದು ಆಗುತ್ತದೆ. ಕರುವಿನ ಪ್ರತಿ ಜೋಡಿಯಲ್ಲೂ ಒಂದು ಪ್ರತಿ ಗಿಡ್ಡದ್ದು, ಒಂದು ಜರ್ಸಿಯದು. ಅಡಗಿದ ಕೆಟ್ಟವು ಜೋಡಿಯಾಗುವುದು ಬಹಳ ಕಡಿಮೆ. ಮೊದಲ ಪೀಳಿಗೆಯ ಮಿಶ್ರತಳಿ ಅಪ್ಪ ಅಮ್ಮನ ಸರಾಸರಿಗಿಂತ ಮೇಲೆ ನಿಲ್ಲುತ್ತದೆ. ಆ ಹೆಚ್ಚುವರಿಯನ್ನು ಸಂಕರಶಕ್ತಿ ಎನ್ನುತ್ತಾರೆ. ಮಲೆನಾಡಿಗೆ ಜರ್ಸಿ ಒಪ್ಪಿಗೆಯಾದದ್ದಕ್ಕೆ ಇನ್ನೊಂದು ಕಾರಣ ಬರಿಗಣ್ಣಿಗೇ ಕಾಣುತ್ತದೆ. ಮೂರಡಿ ಎತ್ತರದ ಕಡಸಿಗೆ ಎಚ್‌ಎಫ್ ಕೊಟ್ಟರೆ ಕರು ದೊಡ್ಡದಾಗಿ, ಈಯುವಾಗ ಎಳೆಯಬೇಕಾಗುತ್ತದೆ, ಕೆಲವೊಮ್ಮೆ ಎರಡೂ ಉಳಿಯುವುದಿಲ್ಲ.

ತೊಡಕು ಶುರುವಾಗುವುದು ಎರಡನೇ ಪೀಳಿಗೆಯಲ್ಲಿ. ಲೆಕ್ಕಕ್ಕೆಂದು ಅಂಕಿಗಳನ್ನು ಇಟ್ಟುಕೊಳ್ಳೋಣ, ಇವು ಯಾರದೇ ದಾಖಲೆಯಲ್ಲ. ಗಿಡ್ಡ ಒಂದು ಸೂಲಿಗೆ 300 ಲೀಟರ್. ಶುದ್ಧ ಜರ್ಸಿಯನ್ನು ಅದೇ ಕೊಟ್ಟಿಗೆಯಲ್ಲಿ ಅದೇ ಮೇವಿನಲ್ಲಿ ಸಾಕಿದರೆ 1,800. ಸರಾಸರಿ 1,050. ಮೊದಲ ಮಿಶ್ರತಳಿ ನಿಜವಾಗಿ 1,300 ಕೊಟ್ಟರೆ ಸಂಕರಶಕ್ತಿಯ ಪಾಲು 250. ಈಗ ಮಿಶ್ರತಳಿ ಹೋರಿಗೆ ಮಿಶ್ರತಳಿ ಹಸುವನ್ನೇ ಕೂಡಿಸಿದರೆ ಸಂಕರಶಕ್ತಿ ಅರ್ಧವಾಗುತ್ತದೆ: 1,050 + 125, ಅಂದರೆ 1,175. ಹಸುವೂ ಜರ್ಸಿಯ ಅರ್ಧ, ಕರುವೂ ಅರ್ಧ, ಆದರೂ ಹಾಲು ಇಳಿಯಿತು. “ಬೀಜ ಕೆಟ್ಟಿತು” ಎನ್ನುತ್ತಾರೆ. ಬೀಜ ಕೆಟ್ಟಿಲ್ಲ, ಜೋಡಿಗಳಲ್ಲಿ ಅರ್ಧ ಮತ್ತೆ ಒಂದೇ ತಳಿಯವಾದವು. ಉಷ್ಣವಲಯದ ಇಂಥ ಸಂಕರಗಳ ದಾಖಲೆಗಳನ್ನು ಒಟ್ಟುಗೂಡಿಸಿ ಕನಿಂಗ್‌ಹ್ಯಾಮ್ ಮತ್ತು ಸಿರ್ಸ್ಟಾಡ್ ಎಂಬಿಬ್ಬರು 1987ರಲ್ಲಿ ಬರೆದ ವರದಿ ಇದನ್ನೇ ಕಂಡಿತು: ವಿದೇಶಿ ರಕ್ತ ಅರ್ಧದವರೆಗೆ ಏರಿದಾಗ ಲಾಭ ಸ್ಪಷ್ಟ, ಆಮೇಲೆ ಏರಿಸಿದರೆ ಸಿಗುವುದು ಅಷ್ಟಕ್ಕಷ್ಟೆ, ಮಿಶ್ರತಳಿಗಳನ್ನು ತಮ್ಮೊಳಗೆ ಕೂಡಿಸಿದರೆ ಇಳಿತ.

ಹಾಗಾದರೆ ಮತ್ತೆ ಶುದ್ಧ ಜರ್ಸಿಯನ್ನೇ ಕೊಡಿಸಿ ಮುಕ್ಕಾಲು ಮಾಡೋಣ ಎನ್ನುತ್ತೀರಿ. ನಮ್ಮ ಅಂಕಿಯಲ್ಲಿ ಅದಕ್ಕೆ ಸರಾಸರಿ 1,425, ಅರ್ಧ ಸಂಕರಶಕ್ತಿ 125, ಒಟ್ಟು 1,550. ಬಕೆಟ್ ದೊಡ್ಡದಾಯಿತು. ಇಲ್ಲಿಯೇ ನಿಂತು ಇನ್ನೊಂದು ಭಾಗಾಕಾರ ಮಾಡಬೇಕು. ಅರ್ಧದ ಹಸು 14 ತಿಂಗಳಿಗೊಮ್ಮೆ ಈದರೆ ತಿಂಗಳಿಗೆ ಬೀಳುವುದು ಸುಮಾರು 93 ಲೀಟರ್. ಮುಕ್ಕಾಲಿನದು ಉಣ್ಣೆ ಜ್ವರ ಬಂದು, ಮಳೆಗಾಲದಲ್ಲಿ ಕೆಚ್ಚಲು ಬಾವು ಬಂದು, ಬೆದೆ ತಪ್ಪಿ 18 ತಿಂಗಳಿಗೆ ಈದರೆ ತಿಂಗಳಿಗೆ 86. ಔಷಧದ ಖರ್ಚು ಬೇರೆ. ಈದ ದಿನದ ಹಾಲನ್ನು ನೋಡಿ ಹಸು ಕೊಳ್ಳುವವರು ಈ ಎರಡನೇ ಅಂಕಿಯನ್ನು ಕೇಳುವುದೇ ಇಲ್ಲ. ಒಣ ನೆಲ, ಹಸಿಮೇವು, ಕೈಗೆ ಸಿಗುವ ಡಾಕ್ಟರು ಇದ್ದಲ್ಲಿ ಮುಕ್ಕಾಲಿನ ಹಸು ಗೆಲ್ಲಬಹುದು. ಬಿಸಿಲೆ ಘಾಟಿಯ ಅಂಚಿನ ಕೊಟ್ಟಿಗೆಯಲ್ಲಿ ಗೆಲ್ಲುವುದು ಕಷ್ಟ.

ಒಳತಳಿ, ಸಂಕರಗಳ ನಂತರ ಮೂರನೆಯದು ಆಯ್ಕೆ. “ಹತ್ತು ಲೀಟರ್ ಹಸುವಿನ ಮಗಳು” ಎಂದು ಕಡಸಿಗೆ ಹೆಚ್ಚು ಹಣ ಕೊಡುತ್ತೇವಲ್ಲ, ಅದು ಎಷ್ಟು ಸರಿ? ಹಸುಗಳ ನಡುವೆ ಕಾಣುವ ಹಾಲಿನ ವ್ಯತ್ಯಾಸದಲ್ಲಿ ರಕ್ತದಿಂದ ಬಂದದ್ದು ಕಾಲು ಭಾಗದ ಆಸುಪಾಸು, ಉಳಿದದ್ದು ಮೇವು, ಸೂಲು, ಸಾಕುವ ಕೈ. ಆ ಕಾಲು ಭಾಗಕ್ಕೆ ಅನುವಂಶೀಯತೆ ಎಂದು ಹೆಸರು. ಡೇರಿಯ ಹಸುಗಳ ಸರಾಸರಿ ಸೂಲಿಗೆ 2,000 ಲೀಟರ್, ನೀವು ಮೆಚ್ಚಿದ ಹಸುವಿನದು 3,200 ಎನ್ನಿ. ಅಂತರ 1,200. ರಕ್ತದ ಪಾಲು ಅದರ ಕಾಲು, 300. ಮಗಳಿಗೆ ಇಳಿಯುವುದು ಅದರ ಅರ್ಧ, 150 ಲೀಟರ್. ಕೊಂಡವರು ನಿರೀಕ್ಷಿಸಿದ್ದು 1,200. ನಮ್ಮ ಕಡೆಯ ಸಂತೆಗಳಲ್ಲಿ ದಲ್ಲಾಳಿ ಹೇಳದ ಲೆಕ್ಕ ಇದು.

ಹೋರಿಯ ಕಡೆಯಿಂದ ಆಯ್ಕೆ ಬಲವಾಗುವುದು ಅದಕ್ಕೇ. ಹೋರಿ ಹಾಲು ಕೊಡುವುದಿಲ್ಲ, ಅದರ ಹೆಣ್ಣು ಮಕ್ಕಳು ಕೊಡುತ್ತವೆ. ಎಷ್ಟು ಹೆಣ್ಣು ಮಕ್ಕಳ ದಾಖಲೆ ಇದ್ದರೆ ಹೋರಿಯನ್ನು ಎಷ್ಟು ನಂಬಬಹುದು ಎಂಬುದಕ್ಕೆ, ಅನುವಂಶೀಯತೆ ಕಾಲು ಭಾಗವಾದಾಗ, ಸೂತ್ರ ಸರಳ: n/(n + 15), ಇಲ್ಲಿ n ಹೆಣ್ಣು ಮಕ್ಕಳ ಸಂಖ್ಯೆ. ಒಬ್ಬಳೇ ಮಗಳಿದ್ದರೆ 1/16, ಬರಿಯ 6 ಶೇಕಡಾ ಭರವಸೆ. ಹದಿನೈದು ಹೆಣ್ಣು ಮಕ್ಕಳಿದ್ದರೆ 50. ಐವತ್ತಿದ್ದರೆ 77. ಒಂದು ಊರಿನಲ್ಲಿ ಒಂದು ಹೋರಿಯ ಐವತ್ತು ಹೆಣ್ಣು ಮಕ್ಕಳು ಸಿಗಬಾರದು, ಸಿಕ್ಕರೆ ಆಗುವ ಅನಾಹುತವನ್ನು ಈಗಷ್ಟೇ ನೋಡಿದೆವು. ಅವು ಹಲವು ತಾಲ್ಲೂಕುಗಳಲ್ಲಿ ಚೆದುರಿರಬೇಕು, ಎಲ್ಲ ಕಡೆಯೂ ಅಳೆಯಬೇಕು, ಪ್ರತಿಯೊಂದನ್ನೂ ಅದೇ ಊರಿನ, ಅದೇ ಕಾಲದ ಬೇರೆ ಹಸುಗಳೊಂದಿಗೇ ಹೋಲಿಸಬೇಕು. ಫಲಿತಾಂಶ ಬರುವಾಗ ಹೋರಿಗೆ ಏಳೆಂಟು ವರ್ಷ.

ಅಳತೆ ನಮ್ಮಲ್ಲಿ ಯಾಕೆ ಇಲ್ಲ? ಡೇರಿಯಲ್ಲಿ ದಿನಕ್ಕೆರಡು ಹೊತ್ತು ಅಳೆಯುತ್ತಾರಲ್ಲ ಎನ್ನಬಹುದು. ಡೇರಿ ಪುಸ್ತಕದಲ್ಲಿರುವುದು ಸದಸ್ಯನ ಹಾಲು, ಹಸುವಿನದಲ್ಲ. ಮೂರು ಹಸುವಿನ ಹಾಲು ಒಂದೇ ಕ್ಯಾನಿಗೆ ಬಿದ್ದಿರುತ್ತದೆ, ಮನೆಯ ಕಾಫಿಗೆ ತೆಗೆದದ್ದು ಲೆಕ್ಕಕ್ಕೇ ಬಂದಿರುವುದಿಲ್ಲ. ಮಾಡಬೇಕಾದ ಕೆಲಸ ಸಣ್ಣದು. ತಿಂಗಳಿಗೆ ಒಂದು ದಿನ, ಬೆಳಿಗ್ಗೆ ಮತ್ತು ಸಂಜೆ, ಪ್ರತಿ ಹಸುವಿನ ಹಾಲನ್ನು ಬೇರೆ ಬೇರೆ ಅಳೆದು ಬರೆಯುವುದು. ಆ ದಿನದ ಹಾಲನ್ನು ಮೂವತ್ತರಿಂದ ಗುಣಿಸಿ, ಬತ್ತುವವರೆಗಿನ ತಿಂಗಳುಗಳನ್ನು ಕೂಡಿದರೆ ಸೂಲಿನ ಹಾಲು ಸಾಕಷ್ಟು ಸರಿಯಾಗಿ ಸಿಗುತ್ತದೆ. ಗಿಡ್ಡದಲ್ಲಿ ಇನ್ನೊಂದು ತೊಡಕಿದೆ. ಕರು ಬಿಟ್ಟು ಸೊರೆಯಿಸಿ, ಎರಡು ಮೊಲೆ ಕರೆದು, ಎರಡನ್ನು ಕರುವಿಗೆ ಬಿಡುತ್ತಾರೆ. ಪಾತ್ರೆಯಲ್ಲಿ ಕಂಡದ್ದು ಹಸು ಕೊಟ್ಟದ್ದರ ಅರ್ಧವೋ ಕಾಲೋ ಇರಬಹುದು. ಅಳೆಯುವ ದಿನ ಎಡಗಡೆ ಎರಡು ಮೊಲೆ ಪೂರ್ತಿ ಕರೆದು, ಬಲಗಡೆಯದನ್ನು ಕರುವಿಗೆ ಬಿಟ್ಟು, ಎಲ್ಲ ಮನೆಯವರೂ ಹಾಗೆಯೇ ಮಾಡಿದರೆ ಕೊನೇ ಪಕ್ಷ ಹಸುವಿಗೆ ಹಸುವನ್ನು ಹೋಲಿಸಬಹುದು. ಗಿಡ್ಡದಲ್ಲಿ ಹಾಲಿಗೆ ಮಾತ್ರ ಆಯ್ಕೆ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಪ್ರತಿ ವರ್ಷ ಈದು, ಗುಡ್ಡದ ಹುಲ್ಲಿನಲ್ಲೇ ಕರು ಸಾಕುವ ಗುಣಕ್ಕೆ ಅನುವಂಶೀಯತೆ ಕಡಿಮೆ, ಕಳೆದುಹೋದರೆ ಆಯ್ಕೆಯಿಂದ ಮತ್ತೆ ಕಟ್ಟಲು ಬಹಳ ಪೀಳಿಗೆ ಬೇಕು.

ಕೊನೆಗೆ ವೀರ್ಯದ ಸ್ಟ್ರಾ. ಮಿಶ್ರತಳಿಯಲ್ಲಿ ಒಳತಳಿಯ ಭಯವಿಲ್ಲ ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ಸ್ಟ್ರಾದ ಮೇಲೆ ಹೋರಿಯ ನಂಬರು, ತಳಿ, ವೀರ್ಯ ಕೇಂದ್ರದ ಗುರುತು ಅಚ್ಚಾಗಿರುತ್ತದೆ. ಗಿಡ್ಡ ಹಸುವಿಗೆ ಒಂದು ಜರ್ಸಿ ಹೋರಿಯ ಸ್ಟ್ರಾ ಕೊಟ್ಟು ಹುಟ್ಟಿದ ಕಡಸಿಗೆ, ಎರಡೂವರೆ ವರ್ಷದ ಮೇಲೆ ಅದೇ ನಂಬರಿನ ಸ್ಟ್ರಾ ಹಾಕಿದರೆ ಅದು ಬಸವ ಗಂಗೆಯರ ಲೆಕ್ಕವೇ, 25 ಶೇಕಡಾ. ಸಂಕರಶಕ್ತಿ ಅರ್ಧ ಹೋದದ್ದು ಬೇರೆ. ಹೋರಿ ಸತ್ತ ಮೇಲೂ ಸ್ಟ್ರಾ ಉಳಿದಿರುವುದರಿಂದ ಇಲ್ಲಿ ಮೂರು ವರ್ಷದ ಗಡುವೂ ನೆರವಿಗೆ ಬರುವುದಿಲ್ಲ. ನಂಬರು ಬೇರೆಯಾದರೂ ಆ ಎರಡು ಹೋರಿಗಳು ಒಬ್ಬನೇ ಅಪ್ಪನ ಮಕ್ಕಳಾಗಿರಬಹುದು. ಆಗ ದಾರಿಯಲ್ಲಿ ನಾಲ್ಕು ದನ: ಹೊಸ ಹೋರಿ, ಅವರಿಬ್ಬರ ಅಪ್ಪ, ಹಳೇ ಹೋರಿ, ಕಡಸು. ಗುಣಾಂಕ 1/16, ಅಂದರೆ 6.25 ಶೇಕಡಾ. ತಳಿ ಕಾರ್ಯಕ್ರಮಗಳಲ್ಲಿ ಸಾಮಾನ್ಯವಾಗಿ ಮಿತಿಯೆಂದು ಹಿಡಿಯುವುದು ಇದನ್ನೇ.

ಕಡಸಿನ ಕಿವಿಯಲ್ಲಿ ಹನ್ನೆರಡು ಅಂಕಿಯ ಹಳದಿ ಓಲೆ ಈಗಾಗಲೇ ಇದೆ. ಇಂಜೆಕ್ಷನ್ ಕೊಡಿಸಿದ ದಿನ ಆ ಅಂಕಿಯ ಪಕ್ಕದಲ್ಲಿ ಸ್ಟ್ರಾದ ನಂಬರನ್ನೂ ತಾರೀಖನ್ನೂ ನಿಮ್ಮ ಡೇರಿ ಪಾಸ್‌ಬುಕ್ಕಿನ ಹಿಂಬದಿಯಲ್ಲಿ ಬರೆಸಿಕೊಳ್ಳಿ. ಖಾಲಿ ಸ್ಟ್ರಾವನ್ನು ಕೇಳಿ ಪಡೆದರೆ ಇನ್ನೂ ಒಳ್ಳೆಯದು, ನಂಬರು ತಪ್ಪಾಗುವುದಿಲ್ಲ. ಮಗಳು ಬೆದೆಗೆ ಬಂದಾಗ ಡಾಕ್ಟರಿಗೆ ಆ ನಂಬರನ್ನು ತೋರಿಸಿ, ಇದಲ್ಲದ, ಇದರ ಅಣ್ಣತಮ್ಮನೂ ಅಲ್ಲದ ಹೋರಿಯ ಸ್ಟ್ರಾ ಇದೆಯೇ ಎಂದು ಕೇಳಿ. ಹೋರಿಯ ಅಪ್ಪನ ನಂಬರು ವೀರ್ಯ ಕೇಂದ್ರದ ಹೋರಿ ಪಟ್ಟಿಯಲ್ಲಿರುತ್ತದೆ. ಆ ದಿನ ಕಂಟೈನರಿನಲ್ಲಿ ಬೇರೆ ಸ್ಟ್ರಾ ಇಲ್ಲದಿದ್ದರೆ ಒಂದು ಬೆದೆ ಬಿಟ್ಟು ಇಪ್ಪತ್ತೊಂದು ದಿನ ಕಾಯುವುದರಿಂದ ಆಗುವ ನಷ್ಟ, ಹೆಚ್ಚೆಂದರೆ, ಮೂರು ವಾರದ ಮೇವು.